ಹೇನು ಮೇಲೆ, ಬೆಂಕಿ ಕೆಳಗೆ

ನರ್ಸಿಂಗ್ ಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದು ಗಂಟೆ ಬಾರಿಸಿದೊಡನೆ ಏಳುವುದನ್ನು, ಆಮೇಲೆ ಹಾಸಿಗೆಯ ಮೂಲೆ ಮಡಿಸುವುದನ್ನು, ಅದಾದ ಮೇಲೆ ಪಾಳಿ ಒಪ್ಪಿಸುವುದನ್ನು. ರಾತ್ರಿಪಾಳಿಯವಳು ಬೆಳಗಿನವಳಿಗೆ ವಾರ್ಡು ಒಪ್ಪಿಸುವಾಗ ಹಾಸಿಗೆಯ ನಂಬರು ಹಿಡಿದು ಶುರುಮಾಡಿದರೆ ನಮ್ಮ ಮೇಟ್ರನ್ ಕೈಯೆತ್ತಿ ನಿಲ್ಲಿಸುತ್ತಿದ್ದರು. 'ಈ ಹೊತ್ತು ಯಾರು ಸಾಯಬಹುದು, ಅದನ್ನು ಮೊದಲು ಹೇಳು. ಗಂಜಿ ಕುಡಿದವರ ಸುದ್ದಿ ಆಮೇಲೆ.' ಹೊಸದರಲ್ಲಿ ಆ ಮಾತು ಕ್ರೂರ ಅನ್ನಿಸಿತ್ತು. ವಾರ್ಡು ತುಂಬಿ, ಕೈ ಕಡಿಮೆಯಿದ್ದ ಒಂದು ಬೆಳಿಗ್ಗೆ ಅದರಲ್ಲಿರುವ ದಯೆ ಅರ್ಥವಾಯಿತು.

ನಿವೃತ್ತಿಯಾದ ಮೇಲೆ ನಾನು ದಾಂಡೇಲಿಯಲ್ಲೇ ಉಳಿದೆ. ಅಲ್ಲಿದ್ದಾಗಲೇ ನಾನು ಒಂದು ಚಿಕ್ಕ ಟ್ರಸ್ಟಿನ ಸದಸ್ಯಳಾದದ್ದು. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ಕಡೆ ಅವರು ಶಾಲೆಗೆ ಹೋಗುವ ಹುಡುಗಿಯರ ಹಾಸ್ಟೆಲ್ ನಡೆಸುತ್ತಾರೆ. ಕಾಡಿನೊಳಗಿನ ನಾಲ್ಕಾರು ಮನೆಗಳ ವಾಡೆಗಳಿಂದ, ಬಸ್ಸು ಬಾರದ ಹಳ್ಳಿಗಳಿಂದ ಬರುವ ಹುಡುಗಿಯರು. ಹಣ ಕೊಡುವವರು ಕೇಳಿದರೆಂದು ಟ್ರಸ್ಟಿನವರು ಒಂದು 'ರಿಸ್ಕ್ ರಿಜಿಸ್ಟರ್' ಮಾಡಿದ್ದರು. ಏನೇನು ಕೆಡುಕು ಆಗಬಹುದು, ಆಗುವ ಸಂಭವ ಎಷ್ಟು, ಆದರೆ ಪೆಟ್ಟು ಎಷ್ಟು, ತಡೆಯಲು ಏನು ಮಾಡಿದ್ದೇವೆ ಎಂದು ಸಾಲು ಸಾಲಾಗಿ ಬರೆದ ಪಟ್ಟಿ. ಸಂಭವಕ್ಕೆ ಒಂದರಿಂದ ಐದು ಅಂಕ, ಪೆಟ್ಟಿಗೆ ಒಂದರಿಂದ ಐದು. ಎರಡನ್ನೂ ಗುಣಿಸಿ ಬಂದ ಅಂಕದ ಮೇಲೆ ಹಸಿರು, ಹಳದಿ, ಕೆಂಪು.

ಒಂದು ಸೋಮವಾರ ಹಳಿಯಾಳದ ಕಚೇರಿಯಿಂದ ಆ ರಿಜಿಸ್ಟರು ನನಗೆ ಬಂತು. ಬರುವ ಶನಿವಾರದ ಸಭೆಯಲ್ಲಿ ಅದನ್ನು ನಾನು ಮಂಡಿಸಬೇಕು ಎಂದು ಕಾರ್ಯದರ್ಶಿಯ ಚೀಟಿ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ಕನ್ನಡಕ ಒರೆಸಿಕೊಂಡು ಓದಲು ಕೂತೆ. ಓದಿ ಮುಗಿಸುವಷ್ಟರಲ್ಲಿ ಚಹದ ಹೊತ್ತಾಗಿತ್ತು. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ನನಗೆ ನೆನಪಿದ್ದುದು ದಾಂಡೇಲಿಯ ಕೋತಿಗಳು ಮಾತ್ರ. ಒಣಹಾಕಿದ ಲಂಗ ಎತ್ತಿಕೊಂಡು ಹೋಗುವ ಕೋತಿಗಳು. ಉಳಿದದ್ದೆಲ್ಲ ಹಳದಿ. ಹೇನು ಹಳದಿ, ಸೋರುವ ನಳ ಹಳದಿ, ಇಲಿ ಹಳದಿ, ಪರೀಕ್ಷೆಯ ಹೊತ್ತಿಗೆ ಕರೆಂಟು ಹೋಗುವುದು ಹಳದಿ. ಹೆದರಿಸುವ ಒಂದು ಮಾತೂ ಇರಲಿಲ್ಲ. ಮಕ್ಕಳಿರುವ ನಾಲ್ಕು ಮನೆಗಳ ಬಗ್ಗೆ ಇಷ್ಟು ಪುಟ ಓದಿಯೂ ನನಗೆ ಹೆದರಿಕೆಯಾಗಲಿಲ್ಲವಲ್ಲ ಎಂದು ಆಗ ಹೆದರಿಕೆ ಶುರುವಾಯಿತು.

ಎರಡನೆಯ ಸಲ ಓದಿದೆ. ಈ ಸಲ ಕೈಯಲ್ಲಿ ಕೆಂಪು ಪೆನ್ಸಿಲ್. ಪೆಟ್ಟಿನ ಕಲಂನಲ್ಲಿ ಐದು ಅಂಕ ಇರುವಲ್ಲಿ ಮಾತ್ರ, ಅಂದರೆ ಜೀವ ಹೋಗಬಹುದಾದಲ್ಲಿ ಮಾತ್ರ, ಗೀಟು ಹಾಕುತ್ತ ಹೋದೆ. ಮೂರೇ ಗೀಟು ಬಿದ್ದವು. ಅದರಲ್ಲೊಂದು ಬಹಳ ಹಿಂದಿನ ಪುಟದಲ್ಲಿ, ಹಸಿರು ಬಣ್ಣದಲ್ಲಿ ಇತ್ತು: 'ಜೊಯಿಡಾ. ಬೆಂಕಿ. ಸಂಭವ ಒಂದು. ಪೆಟ್ಟು ಐದು. ಒಟ್ಟು ಐದು.' ತಡೆಯಲು ಕೈಗೊಂಡ ಕ್ರಮದ ಕಲಂನಲ್ಲಿ, 'ಬೆಂಕಿ ಆರಿಸುವ ಸಿಲಿಂಡರ್ ಇದೆ.' ಹೇನಿಗೆ ಸಂಭವ ಐದು, ಪೆಟ್ಟು ಎರಡು, ಒಟ್ಟು ಹತ್ತು. ಆ ಲೆಕ್ಕದ ಪ್ರಕಾರ ನಮ್ಮ ಟ್ರಸ್ಟಿಗೆ ಬೆಂಕಿಗಿಂತ ಹೇನಿನ ಹೆದರಿಕೆ ಎರಡು ಪಟ್ಟು.

ಮರುದಿನ ಕಾರ್ಯದರ್ಶಿಗೆ ಫೋನು ಮಾಡಿದೆ. ಚುರುಕಿನ ಮನುಷ್ಯ, ನನ್ನ ಮಗನ ವಯಸ್ಸು.

"ಲೆಕ್ಕದಾಗ ತಪ್ಪಿಲ್ರಿ ಸಿಸ್ಟರ್. ಬಣ್ಣ ನಾ ಹಾಕಿಲ್ಲ, ಕಂಪ್ಯೂಟರ್ ತಾನ ಹಾಕತೈತಿ."

"ಕಂಪ್ಯೂಟರಿಗೆ ಹೇನು ಕಡದದ್ದು ಗೊತ್ತಿಲ್ಲ, ಬೆಂಕಿ ಸುಟ್ಟದ್ದೂ ಗೊತ್ತಿಲ್ಲ ತಮ್ಮಾ. ಮೊದಲನೇ ಪುಟದಾಗ ಹನ್ನೆರಡು ಸಾಲು ಅದಾವಲ್ಲ, ಅವನ್ನ ಯಾರು ಆರಿಸಿದರು?"

"ಒಂದೊಂದು ಹಾಸ್ಟೆಲಿಂದ ಮೂರ್ಮೂರು ರಿ. ಇಲ್ಲಂದ್ರ ವಾರ್ಡನ್ನರು ಸಿಟ್ಟಾಗ್ತಾರ. ಹ್ವಾದ ವರ್ಷ ಮುಂಡಗೋಡದ ಸರ್ ಏನಂದ್ರು ನೆನಪೈತಿಲ್ರಿ? 'ಪಂಕ್ತ್ಯಾಗ ಕುಂತ ಮ್ಯಾಲ ಎಲ್ಲಾರ ಎಲಿಗೂ ಹೋಳಿಗಿ ಬೀಳಬೇಕು' ಅಂತ."

ನೆನಪಿತ್ತು. ನಮ್ಮ ಸಭೆಗಳೂ ಊಟದ ಪಂಕ್ತಿಯ ಹಾಗೆಯೇ ನಡೆಯುತ್ತಿದ್ದವು. ಮೊದಲ ಸಾಲಿನಿಂದ ಓದುವುದು. ತನ್ನ ಸಾಲು ಬಂದಾಗ ಆ ವಾರ್ಡನ್ ಎದ್ದು ನಿಂತು ನಾಲ್ಕು ಮಾತಾಡುವುದು. ಯಾರ ಎಲೆಯೂ ಖಾಲಿ ಉಳಿಯಬಾರದು. ಪಂಕ್ತಿಭೇದ ಅಂದರೆ ನಮ್ಮಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಹೀಗಾಗಿ ಹೇನಿನ ಹೊತ್ತಿಗೆ ಅಧ್ಯಕ್ಷರ ಕಣ್ಣು ಎಳೆಯುತ್ತಿತ್ತು, ಇಲಿಯ ಹೊತ್ತಿಗೆ ಊಟ ಬರುತ್ತಿತ್ತು, ಆಮೇಲಿನದೆಲ್ಲ 'ಒಪ್ಪಲಾಯಿತು'. ಹಿಂದಿನ ಪುಟಗಳನ್ನು ಯಾರೂ ತೆರೆಯುತ್ತಿರಲಿಲ್ಲ.

ಬುಧವಾರ ಬೆಳಗಿನ ಬಸ್ಸಿಗೆ ಜೊಯಿಡಾಕ್ಕೆ ಹೋದೆ. ಆ ಬಸ್ಸು ತಪ್ಪಿದರೆ ಮುಂದಿನದರ ಭರವಸೆ ಇಲ್ಲ. ನಾನು ಬಸ್ಸು ತಪ್ಪಿಸಿಕೊಳ್ಳುವವಳಲ್ಲ.

ಜೊಯಿಡಾದ ಹಾಸ್ಟೆಲ್ ಒಬ್ಬ ಕಟ್ಟಿಗೆ ವ್ಯಾಪಾರಿಯ ಹಳೆಯ ಮನೆ. ಟ್ರಸ್ಟು ಬಾಡಿಗೆಗೆ ಹಿಡಿದಿತ್ತು. ಅಲ್ಲಿನ ವಾರ್ಡನ್ ಹಳಿಯಾಳ ಕಡೆಯ ಸಿದ್ದಿ ಜನಾಂಗದ ಹೆಂಗಸು. ಎತ್ತರದ ಆಳು, ದೊಡ್ಡ ದನಿ, ಹುಡುಗಿಯರ ಮೇಲೆ ಹದ್ದಿನ ಕಣ್ಣು. ಸೊಂಟದಲ್ಲಿ ಕೀಲಿಯ ಗೊಂಚಲು ಯಾವಾಗಲೂ ಝಣಗುಡುತ್ತಿರುತ್ತಿತ್ತು.

"ಬರ್ರಿ ಸಿಸ್ಟರ್. ಹೇಳದ ಕೇಳದ ಬಂದೀರಿ ಅಂದ್ರ ತಪಾಸಣಿನ ಇರಬೇಕು. ಮೊದಲ ಚಹಾ ಕುಡೀತೀರೋ, ಮೊದಲ ಬೈತೀರೋ?"

"ಚಹಾ ಕುಡಕೋತ ಬೈತೇನಿ. ವೇಳೆ ಉಳೀತೈತಿ."

ಹುಡುಗಿಯರು ಶಾಲೆಗೆ ಹೋಗಿದ್ದರು. ನಾನು ವಾರ್ಡಿನ ಸುತ್ತು ಹಾಕಿದಂತೆ ಬಾಗಿಲಿನಿಂದ ಶುರುಮಾಡಿದೆ. ಕೆಳಗೆ ಅಡಿಗೆಮನೆ, ಅದರ ಪಕ್ಕದಲ್ಲಿ ಮೇಲಕ್ಕೆ ಹೋಗುವ ಮರದ ಮೆಟ್ಟಿಲು. ಮೆಟ್ಟಿಲಿನ ಕೆಳಗಿನ ಸಂದಿಯಲ್ಲಿ ಗ್ಯಾಸಿನ ತುಂಬಿದ ಸಿಲಿಂಡರುಗಳು. ಹೊರಗಿಟ್ಟರೆ ಕದಿಯುತ್ತಾರೆಂದು ಒಳಗೆ. ರಿಜಿಸ್ಟರಿನಲ್ಲಿ ಅದು 'ಕಳವು' ಎಂಬ ಸಾಲಿನಲ್ಲಿತ್ತು. ಕ್ರಮ, 'ಒಳಗೆ ಇಡಲಾಗಿದೆ'. ಕೆಳಗಿನ ದೊಡ್ಡ ಹಾಲಿನಲ್ಲಿ ಸೂರಿನ ತನಕ ಹಳೆಯ ಬೆಂಚುಗಳು. ಅದು 'ಗೆದ್ದಲು' ಎಂಬ ಸಾಲು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿ ಎಂದೆ. ಅಕ್ಕಿಯ ಚೀಲಗಳ ಹಿಂದೆ ಸಿಕ್ಕಿತು. ಅದರ ಮುಳ್ಳು ಕೆಂಪಿನಲ್ಲಿ ನಿಂತಿತ್ತು, ಅಂದರೆ ಒಳಗೆ ಒತ್ತಡವಿಲ್ಲ. ಬೆಂಕಿಯ ಸಂಭವಕ್ಕೆ 'ಒಂದು' ಎಂದು ಅಂಕ ಕೊಟ್ಟದ್ದು ಈ ಕೆಂಪು ಮುಳ್ಳಿನ ಭರವಸೆಯ ಮೇಲೆ.

ಮೇಲೆ ಹುಡುಗಿಯರು ಮಲಗುವ ಹಾಲ್. ಚಾಪೆಗಳನ್ನು ಸುತ್ತಿ ಗೋಡೆಗೆ ನಿಲ್ಲಿಸಿದ್ದರು. ಕಿಟಕಿಯ ಕಟ್ಟೆಯ ಮೇಲೆ ಮೇಣದ ಬತ್ತಿಯ ಗುರುತು, ಒಂದಲ್ಲ, ಸಾಲಾಗಿ. ಕರೆಂಟು ಹೋದಾಗ ಓದುವುದಕ್ಕೆ. ಮನೆ ಗುಡ್ಡಕ್ಕೆ ಆನಿಸಿ ಕಟ್ಟಿದ್ದರಿಂದ ಮೇಲಿನ ಹಾಲಿನ ಹಿಂಬಾಗಿಲು ತೆರೆದರೆ ನೇರವಾಗಿ ಇಳಿಜಾರಿನ ನೆಲ. ಆ ಬಾಗಿಲಿಗೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಮುಷ್ಟಿಗಾತ್ರದ ಬೀಗ.

"ಇದರ ಕೀಲಿ?"

ಅವಳು ಸೊಂಟ ತಟ್ಟಿದಳು.

"ರಾತ್ರಿ ನೀ ಎಲ್ಲಿ ಮಲಗತೀ?"

"ಕೆಳಗ, ಮುಂಬಾಗಿಲ ಹತ್ರ. ಯಾವನರ ಬಂದ್ರ ನನ್ನ ದಾಟಿ ಬರಬೇಕು."

ಜಾಳಿಗೆಯ ಬೀಗ ಬಂದದ್ದು ಯಾಕೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ಪ್ರವಾಸಕ್ಕೆ ಬಂದಿದ್ದ ಗಂಡಸರು ಕುಡಿದು, ಗುಡ್ಡ ಇಳಿದು ಬಂದು, ಆ ಬಾಗಿಲನ್ನು ಅಲ್ಲಾಡಿಸಿದ್ದರು. ಹುಡುಗಿಯರು ಬೆಳಗಿನ ತನಕ ಅತ್ತಿದ್ದರು. 'ಹೊರಗಿನವರು ನುಗ್ಗುವುದು' ಎಂಬ ಸಾಲಿಗೆ ಕ್ರಮವಾಗಿ ಬರೆದದ್ದು 'ಹಿಂಬಾಗಿಲಿಗೆ ಬೀಗ'. ಆ ಸಾಲು ಓದಿದರೆ ಮೆಚ್ಚುಗೆಯೇ ಆಗುತ್ತದೆ. ಆದರೆ ನಾನು ಆ ಹಾಲಿನ ನಡುವೆ ನಿಂತಿದ್ದೆ. ಕೆಳಗೆ ಒಲೆ. ಒಲೆಯ ಪಕ್ಕ ಗ್ಯಾಸು. ಗ್ಯಾಸಿನ ಮೇಲೆ ಮರದ ಮೆಟ್ಟಿಲು. ಇಲ್ಲಿ ಮೇಣದ ಬತ್ತಿ, ಚಾಪೆ. ಅಲ್ಲಿ ಬೀಗ. ಬೀಗದ ಕೀಲಿ ಬೆಂಕಿಯ ಆ ಕಡೆ. ಬೇರೆ ಬೇರೆ ಪುಟಗಳಲ್ಲಿ ಹಸಿರಾಗಿ, ಹಳದಿಯಾಗಿ ಕೂತಿದ್ದ ಐದಾರು ಸಣ್ಣ ಸಾಲುಗಳು ಈ ಒಂದು ಕೋಣೆಯಲ್ಲಿ ಕೈಕೈ ಹಿಡಿದು ನಿಂತಿದ್ದವು.

ನಾನು ಅದನ್ನು ಅವಳಿಗೆ ಹೇಳಿದೆ. ಅವಳು ಮೆಟ್ಟಿಲಿನ ತುದಿಯಲ್ಲಿ ಕೂತುಬಿಟ್ಟಳು.

"ಸಿಲಿಂಡರ್ ಈಗಿಂದೀಗ ಹೊರಗ ಹಾಕಿಸ್ತೇನ್ರಿ. ಮೇಣದ ಬತ್ತಿ ಬ್ಯಾಡಂದ್ರ ಬ್ಯಾಡ, ನನ್ನ ಬ್ಯಾಟರಿ ಕೊಡ್ತೇನಿ. ಆದ್ರ ಬೀಗ ತಗೀ ಅನಬ್ಯಾಡ್ರಿ."

"ಒಳಗಿಂದ ಚಿಲಕ ಹಾಕಿಸಿದರ?"

"ಚಿಲಕ ಒಳಗಿದ್ರ ಹುಡುಗ್ಯಾರ ತಗೀತಾರ. ಒಬ್ಬಾಕಿ ಕತ್ತಲ್ಯಾಗ ಹೊರಗ ಹ್ವಾದಳು ಅಂದ್ರ, ನಾ ಅವರವ್ವಗ ಏನು ಮಾರಿ ತೋರಿಸ್ಲಿ?"

ಅವಳ ಮಾತೂ ಸುಳ್ಳಲ್ಲ. ಹಿಂದುಗಡೆ ಬೇಲಿಯಿಲ್ಲ, ದೀಪವಿಲ್ಲ, ರಾತ್ರಿ ಕಾಯಲು ಇನ್ನೊಂದು ಜೀವವಿಲ್ಲ. ಅವಳಿಗಿದ್ದುದು ಒಂದು ಬೀಗ ಮಾತ್ರ. ಹುಡುಗಿಯರನ್ನು ಸದ್ಯ ಕೆಳಗಿನ ಹಾಲಿನಲ್ಲಿ ಮಲಗಿಸು ಎಂದರೆ ಅಲ್ಲಿ ಬೆಂಚುಗಳು; ದಾನವಾಗಿ ಬಂದ ಸಾಮಾನು, ಟ್ರಸ್ಟಿನ ಒಪ್ಪಿಗೆಯಿಲ್ಲದೆ ಹೊರಗೆ ಹಾಕುವ ಹಾಗಿಲ್ಲ.

"ಶನಿವಾರ ಇದನ್ನ ಮೊದಲನೇ ಪುಟದಾಗ, ಮೊದಲನೇ ಸಾಲಾಗಿ ಇಡತೇನಿ," ಎಂದೆ.

ಅವಳ ಮುಖ ಬಾಡಿತು. "ಬ್ಯಾಡ್ರಿ ಸಿಸ್ಟರ್. ಮ್ಯಾಲ ಇಟ್ರ ಮುಚ್ಚತಾರ. ಮೊದಲ ನಮ್ಮದು ಐದನೇದೊಂದು ಹಾಸ್ಟೆಲ್ ಇತ್ತಲ್ರಿ, ಅದರ ಗ್ವಾಡಿ ಸೀಳೈತಿ ಅಂತ ಯಾರೋ ಒಬ್ಬರು ಸಭಾದಾಗ ಅಂದ್ರು. ಒಂದ ಮಾತು. ಮುಚ್ಚೇ ಬಿಟ್ರು. ಈ ಬೆಂಚು ಅಲ್ಲೀವ. ಬೆಂಚು ಇಲ್ಲಿಗೆ ಬಂದುವು, ಹುಡುಗ್ಯಾರು ಬರಲಿಲ್ಲ."

ಅದು ನಿಜ. ಆ ಹುಡುಗಿಯರಲ್ಲಿ ಹೆಚ್ಚಿನವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾನು ಏನೂ ಭರವಸೆ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಸಿಲಿಂಡರುಗಳನ್ನು ಹೊರಗೆ ಸಾಗಿಸಿ, ಸರಪಳಿ ಹಾಕಿಸಿ, ಅದನ್ನು ಕಣ್ಣಾರೆ ನೋಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನೇ ತೂಗಿದೆ. ಮೇಲೆ ಇಟ್ಟರೆ ಹಾಸ್ಟೆಲ್ ಹೋಗಬಹುದು. ಕೆಳಗೇ ಬಿಟ್ಟರೆ ಹುಡುಗಿಯರೇ ಹೋಗಬಹುದು.

ಗುರುವಾರ ಹಳಿಯಾಳದ ಕಚೇರಿಯಲ್ಲಿ ಕಾರ್ಯದರ್ಶಿಯ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ರಿಜಿಸ್ಟರಿಂದ ಒಂದು ಸಾಲೂ ಅಳಿಸೂದು ಬ್ಯಾಡ," ಎಂದೆ. "ಹೇನು ಇರಲಿ, ಕೋತಿ ಇರಲಿ. ಆದರ ಅವು ಹಿಂದ ಇರಲಿ. ಮುಂದ ಒಂದ ಹಾಳಿ. ಜೀವ ಹೋಗುವಂಥಾವು ಮಾತ್ರ ಅದರಾಗ. ಗುಣಾಕಾರ ಏನರ ಹೇಳಲಿ, ಪೆಟ್ಟಿಗೆ ಐದು ಬಿದ್ದದ್ದು ಮುಂದಿನ ಹಾಳಿಗೆ ಬರಬೇಕು."

"ಹಂಗಾದ್ರ ಮೂರ ಸಾಲು ಆಗ್ತಾವ್ರಿ. ಇಷ್ಟ ಖಾಲಿ ಹಾಳಿ ನೋಡಿದ್ರ ಅಧ್ಯಕ್ಷರು ನಾ ಕೆಲಸ ಮಾಡಿಲ್ಲ ಅಂತಾರ."

"ಖಾಲಿ ಇರೂದಕ್ಕ ಕಣ್ಣಿಗೆ ಬೀಳತಾವ."

ಅವನು ಮೊದಲು ಮೂರೂ ಸಾಲಿಗೆ ದಟ್ಟ ಕೆಂಪು ಬಣ್ಣ ಬಳಿದ. ತೆಗೆಸಿದೆ. ಹಿಂದಿನ ಪುಟಗಳೆಲ್ಲ ಬಣ್ಣದ ಜಾತ್ರೆಯಾಗಿರುವಾಗ ಇನ್ನಷ್ಟು ಬಣ್ಣದಿಂದ ಏನೂ ಎದ್ದು ಕಾಣುವುದಿಲ್ಲ. ಬಿಳಿ ಹಾಳೆ, ದೊಡ್ಡ ಅಕ್ಷರ. ಪ್ರತಿ ಸಾಲಿಗೆ ಐದೇ ಮಾತು: ಯಾರಿಗೆ ಏನಾಗಬಹುದು, ಈಗ ಯಾವುದನ್ನು ನಂಬಿದ್ದೇವೆ, ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ, ಇವತ್ತು ಸಭೆ ಏನು ತೀರ್ಮಾನಿಸಬೇಕು, ಯಾರು, ಯಾವತ್ತಿನೊಳಗೆ ಮಾಡಬೇಕು. ಜೊಯಿಡಾದ ಚದುರಿದ ಸಾಲುಗಳನ್ನೆಲ್ಲ ಒಂದೇ ವಾಕ್ಯ ಮಾಡಿದೆ: 'ಅಡಿಗೆಮನೆಯಲ್ಲಿ ಬೆಂಕಿ ಬಿದ್ದರೆ ಮೇಲೆ ಮಲಗಿದ ಹುಡುಗಿಯರಿಗೆ ಹೊರಬರಲು ದಾರಿಯಿಲ್ಲ.' ಎರಡನೆಯದು ದಾಂಡೇಲಿಯ ಹುಡುಗಿಯರು ಬಟ್ಟೆ ಒಗೆಯಲು ಹೊಳೆಗಿಳಿದಾಗ ಮೇಲಿನ ಅಣೆಕಟ್ಟಿನಿಂದ ನೀರು ಬಿಡುವುದು. ಮೂರನೆಯದು ಹಳಿಯಾಳದ ಬಾಡಿಗೆ ಟೆಂಪೋದಲ್ಲಿ ಬಾಗಿಲಿಗೆ ನೇತುಬಿದ್ದು ಶಾಲೆಗೆ ಹೋಗುವುದು. ಉಳಿದ ಸಣ್ಣ ಸಾಲುಗಳನ್ನು ಆರೋಗ್ಯ, ರಿಪೇರಿ, ಪ್ರಾಣಿಗಳು ಹೀಗೆ ಗುಂಪು ಮಾಡಿ, 'ವಾರ್ಡನ್ನರು ನೋಡಿಕೊಳ್ಳುತ್ತಾರೆ. ಕಳೆದ ಸಲಕ್ಕಿಂತ ಹೆಚ್ಚಾದದ್ದನ್ನು ಮಾತ್ರ ಸಭೆಗೆ ಹೇಳುತ್ತಾರೆ' ಎಂದು ಬರೆಸಿದೆ.

"ಮುಂಡಗೋಡದ್ದು ಒಂದೂ ಇಲ್ರಿ," ಎಂದ ಕಾರ್ಯದರ್ಶಿ ಕಡೆಯಲ್ಲಿ.

"ಇಲ್ಲ."

"ದೇವರ ಕಾಯಬೇಕು."

ಶನಿವಾರ ಎಂದಿಗಿಂತ ಮೊದಲೇ ಹಳಿಯಾಳ ತಲುಪಿದೆ. ಸೀರೆಯ ನೆರಿಗೆ ಸರಿಯಾಗಿತ್ತು, ಹಾಳೆಗಳು ಸರಿಯಾಗಿದ್ದವು, ಆದರೂ ಇನ್ನೊಮ್ಮೆ ಎಣಿಸಿದೆ. ಜೊಯಿಡಾದ ವಾರ್ಡನ್ ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಮಸ್ಕಾರ ಮಾಡಿದಳು.

ಅಧ್ಯಕ್ಷರು ವಯಸ್ಸಾದ ವಕೀಲರು. ಒಳ್ಳೆಯವರು, ಆದರೆ ಅಪಾಯದ ಸುದ್ದಿ ಬಂದರೆ ಬಾಗಿಲು ಹಾಕಿಬಿಡುವ ಸ್ವಭಾವ. ನಾನು ಒಂದೊಂದು ಹಾಳೆ ಹಂಚಿದೆ. ಮುಂಡಗೋಡದ ವಾರ್ಡನ್, ದುಂಡನೆಯ ನಗೆಮುಖದ ನಿವೃತ್ತ ಮಾಸ್ತರು, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಿಸ್ಟರ್, ಮುಂಡಗೋಡ ಕಡೆಯವರು ನಾವೇನು ಪಾಪ ಮಾಡೀವ್ರಿ? ಒಂದರ ಸಾಲು ಹಾಕಬಾರದಿತ್ತೇನು? ಊರಿಗೆ ಹೋಗಿ ಏನು ಹೇಳ್ಲಿ, ನಮ್ಮ ಎಲಿಗೆ ಉಪ್ಪೂ ಬೀಳಲಿಲ್ಲ ಅಂತನ?"

"ಇದು ಊಟದ ಪಂಕ್ತಿ ಅಲ್ರಿ ಮಾಸ್ತರ. ಔಷಧದ ಪಂಕ್ತಿ. ಎಲಿಗೆ ಬೀಳಲಿಲ್ಲ ಅಂದ್ರ ಪುಣ್ಯಾ ಅನ್ನರಿ."

ಎಲ್ಲರೂ ನಕ್ಕರು. ಅಧ್ಯಕ್ಷರು ನಗಲಿಲ್ಲ. ಅವರು ಮೊದಲ ಸಾಲನ್ನು ಓದುತ್ತಿದ್ದರು. ಓದಿ ಮುಗಿಸಿ, ಮತ್ತೊಮ್ಮೆ ಓದಿದರು. ನಿದ್ದೆಯ ಕಣ್ಣು ಪೂರ್ತಿ ತೆರೆದಿತ್ತು. ನಾನು ಬಯಸಿದ್ದೂ ಅದೇ, ಹೆದರಿದ್ದೂ ಅದಕ್ಕೇ.

"ಇದು ಮೊದಲ ಪಟ್ಟಿಯೊಳಗ ಇತ್ತೇನು?"

"ಇತ್ತರಿ ಸಾಹೇಬ್ರ. ಹಿಂದಿನ ಪುಟದಾಗ, ಹಸರು ಬಣ್ಣದಾಗ."

"ಅಂದ್ರ ಹ್ವಾದ ವರ್ಷ ನಾನು ಇದಕ್ಕ ಸಹಿ ಮಾಡೇನಿ."

ಅವರು ಹಾಳೆಯನ್ನು ಮೇಜಿನ ಮೇಲೆ ಮಲಗಿಸಿದರು. "ಹಂಗಾದ್ರ ವಿಚಾರ ಮಾಡೂದು ಏನೈತಿ? ಜೊಯಿಡಾ ಮುಚ್ಚೂಣು. ನಾಳೀನ ಹುಡುಗ್ಯಾರನ್ನ ಮನಿಗೆ ಕಳಸ್ರಿ. ಏನರ ಆದ್ರ ಯಾರು ಜವಾಬು ಕೊಡಬೇಕು?"

ನಾನು ಬಾಗಿಲ ಕಡೆ ನೋಡಲಿಲ್ಲ. ನೋಡಿದರೆ ಮಾತು ತಪ್ಪುತ್ತಿತ್ತು. "ಸಾಹೇಬ್ರ, ನಾಕನೇ ಕಲಂ ಓದ್ರಿ. ಇವತ್ತು ಏನು ತೀರ್ಮಾನ ಬೇಕು ಅಂತ ಅಲ್ಲೈತಿ."

"ಓದೀನ್ರಿ. ಬೇಲಿ, ದೀಪ, ರಾತ್ರಿ ಕಾಯಾಕ ಒಬ್ಬ ಹೆಣಮಗಳು, ಒಳಗಿನ ಚಿಲಕ. ಇವೆಲ್ಲ ಆಗೂ ತನಕ?"

"ಅಲ್ಲೀ ತನಕ ಹುಡುಗ್ಯಾರು ಕೆಳಗಿನ ಹಾಲಿನಾಗ, ಮುಂಬಾಗಿಲ ಹತ್ರ ಮಲಗತಾರ. ಅದಕ್ಕ ಬೆಂಚು ಹೊರಗ ಹಾಕಬೇಕು. ಅದಕ್ಕ ನಿಮ್ಮ ಒಪ್ಪಿಗಿ ಬೇಕು."

"ಮುಚ್ಚೂದು ಸುಲಭ ಅಲ್ಲೇನು?"

ಆಗ ಕೀಲಿಯ ಸದ್ದು ಕೇಳಿತು. ಜೊಯಿಡಾದ ವಾರ್ಡನ್ ಎದ್ದು ಬಂದು, ಗೊಂಚಲಿನಿಂದ ಹಿಂಬಾಗಿಲ ಕೀಲಿ ಬಿಚ್ಚಿ, ಅಧ್ಯಕ್ಷರ ಹಾಳೆಯ ಮೇಲೆ ಇಟ್ಟಳು.

"ಮುಚ್ಚರಿ ಸಾಹೇಬ್ರ. ಆದ್ರ ಈ ಕೀಲಿ ಮೊದಲ ನೀವ ತಗೋರಿ. ಮುಚ್ಚಿದ ಮ್ಯಾಲ ನನ್ನ ಹುಡುಗ್ಯಾರು ಎಲ್ಲಿ ಮಲಗತಾರ ಅಂತ ಈ ಹಾಳ್ಯಾಗ ಸಾಲಿಲ್ಲ. ದನಾ ಕಾಯೂ ಗೌಳ್ಯಾರ ಹುಡುಗಿ ಅದಾಳ, ನಮ್ಮ ಸಿದ್ದಿ ಮಂದಿ ಹುಡುಗ್ಯಾರು ಅದಾರ. ಮನಿಗೆ ಹ್ವಾದ್ರ ಅವರ ಮದಿವಿ ಆಗ್ತಾವ, ಸಾಲಿ ಆಗೂದಿಲ್ಲ. ಅದು ಅಪಾಯ ಅಲ್ಲಂದ್ರ ಅಲ್ಲ ಅನ್ರಿ, ನಾ ಸುಮ್ಮನ ಹೋಗ್ತೇನಿ."

ಅಧ್ಯಕ್ಷರು ಕೀಲಿಯನ್ನು ನೋಡುತ್ತ ಕೂತರು. ಫ್ಯಾನು ತಿರುಗುತ್ತಿತ್ತು. ಅವರ ಮುಂದಿದ್ದ ಹಾಳೆಯ ಒಂದು ಮೂಲೆ ಗಾಳಿಗೆ ಎದ್ದು ಎದ್ದು ಬೀಳುತ್ತಿತ್ತು. ಹಾರಿಹೋಗದಂತೆ ಕೀಲಿ ಹಾಳೆಯನ್ನು ಹಿಡಿದಿತ್ತು.

"ಈ ಕೀಲಿ ರಾತ್ರಿ ನೀವು ಸೊಂಟಕ್ಕ ಕಟಗೊಂಡು ಮಲಗತೀರೇನು?" ಎಂದು ಕೇಳಿದರು ಅವಳನ್ನು.

"ಮಲಗತಿದ್ದೆರಿ. ಬುಧವಾರದಿಂದ ನಿದ್ದಿ ಇಲ್ಲ. ಕೆಳಗ ಕುಂತು ಕಾಯತೇನಿ."

ಅವರು ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಬೆಂಚು ಇವತ್ತ ಸಂಜೀನ್ಯಾಗ ಹೊರಗ ಬೀಳಲಿ. ಮಳಿಗೆ ನೆಂದ್ರ ನೆನೀಲಿ. ರಾತ್ರಿ ಕಾಯಾಕಿ ಸೋಮವಾರದಿಂದ. ಬೇಲಿ, ದೀಪ ಈ ತಿಂಗಳ ಒಳಗ. ಅಲ್ಲೀ ತನಕ ಒಂದು ಹುಡುಗಿನೂ ಮ್ಯಾಲ ಮಲಗಬಾರದು. ಬರಕೋರಿ," ಎಂದರು. ಕೀಲಿಯನ್ನು ಎತ್ತಿ ಅವಳಿಗೆ ಕೊಡುವಾಗ, "ಇದನ್ನ ನಾ ತಗೊಳ್ಳಾಕ ಆಗೂದಿಲ್ರಿ ಬಾಯಾರ. ಭಾಳ ವಜ್ಜಿ ಐತಿ," ಎಂದರು.

ಹೊಳೆಯ ಸಾಲು, ಟೆಂಪೋದ ಸಾಲು ಎರಡೂ ಊಟಕ್ಕೆ ಮೊದಲೇ ಮುಗಿದವು. ದಾಂಡೇಲಿಯಲ್ಲಿ ಬಟ್ಟೆ ಒಗೆಯಲು ಹಿತ್ತಲಲ್ಲಿ ಕಲ್ಲು ಹಾಕಿಸಿ ಹೊಳೆಗಿಳಿಯುವುದನ್ನೇ ನಿಲ್ಲಿಸುವುದು, ಹಳಿಯಾಳದಲ್ಲಿ ಟೆಂಪೋ ಎರಡು ಸರದಿ ಹೋಗುವುದು ಎಂದಾಯಿತು. ಹೇನಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಊಟದ ಹೊತ್ತಿಗೆ ಮುಂಡಗೋಡದ ಮಾಸ್ತರು ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು. ರೊಟ್ಟಿ ಮುರಿಯಲಿಲ್ಲ. ದನಿ ತಗ್ಗಿಸಿ ಹೇಳಿದರು: "ಸಿಸ್ಟರ್, ನಮ್ಮ ಹಿತ್ತಲದಾಗೂ ಒಂದು ಬಾವಿ ಐತಿ. ಕಟ್ಟಿ ಬಿದ್ದೈತಿ. ಮ್ಯಾಲ ಹಲಗಿ ಮುಚ್ಚೇವಿ. ಬರದ್ರ ಹಾಸ್ಟೆಲ್ ಮುಚ್ಚತಾರ ಅಂತ ಬರದಿರಲಿಲ್ಲ."

"ಹಲಗಿ ಗಟ್ಟಿ ಐತೇನು?"

ಅವರು ತಟ್ಟೆ ನೋಡಿಕೊಂಡರು. ಊಟ ಬಿಟ್ಟು ಎದ್ದು, ಅವರನ್ನೂ ಎಬ್ಬಿಸಿ, ಕಾರ್ಯದರ್ಶಿಯ ಹತ್ತಿರ ಕರೆದುಕೊಂಡು ಹೋದೆ. ಮೂರಿದ್ದ ಸಾಲು ನಾಲ್ಕಾಯಿತು. ಜೊಯಿಡಾ ಮುಚ್ಚಲಿಲ್ಲವೆಂಬ ಒಂದೇ ಕಾರಣಕ್ಕೆ ಆ ಬಾವಿ ಬೆಳಕಿಗೆ ಬಂತು. ಮುಚ್ಚಿದ್ದರೆ ವಾರ್ಡನ್ನರು ಇನ್ನಷ್ಟು ಬಚ್ಚಿಡುತ್ತಿದ್ದರು, ನಮ್ಮ ರಿಜಿಸ್ಟರು ಮುಂದಿನ ಸಲ ಇನ್ನೂ ಹಸಿರಾಗಿ ಬರುತ್ತಿತ್ತು.

ಅಂದು ಸಂಜೆ ನಾನು ಮನೆ ತಲುಪುವ ಹೊತ್ತಿಗೆ ಜೊಯಿಡಾದಿಂದ ಫೋನು. ಬೆಂಚುಗಳು ಅಂಗಳದಲ್ಲಿವೆ, ಹುಡುಗಿಯರು ಹಾಲನ್ನು ಗುಡಿಸುತ್ತಿದ್ದಾರೆ ಎಂದಳು ವಾರ್ಡನ್. ಹಿಂದೆ ಪೊರಕೆಯ ಸದ್ದು, ನಗು. ಆದರೂ ಬಹಳ ದಿನ ನನಗೆ ಸಮಾಧಾನ ಇರಲಿಲ್ಲ. ಬೇಲಿ ಬಂತು, ದೀಪ ಬಂತು, ಒಳಗಿನ ಚಿಲಕವೂ ಬಂತು; ಹುಡುಗಿಯರು ಮತ್ತೆ ಮೇಲೆ ಮಲಗತೊಡಗಿದರು. ಕಾಯಲು ಬಂದ ಹೆಣ್ಣುಮಗಳು ಹಿಂಬಾಗಿಲ ಒಳಗಡೆಯೇ ಚಾಪೆ ಹಾಕಿಕೊಂಡಳು; ಹುಡುಗಿಯರು ಹೊರಗೆ ಹೋಗುವ ಹೆದರಿಕೆಗೂ ಅದರಿಂದ ಉತ್ತರ ಸಿಕ್ಕಿತು. ಆರಿಸುವ ಸಿಲಿಂಡರ್ ತುಂಬಿಸಿ ಮೆಟ್ಟಿಲಿನ ಪಕ್ಕ ಗೋಡೆಗೆ ತೂಗುಹಾಕಿದರು. ಮುಂದಿನ ಸಭೆ ಹತ್ತಿರ ಬಂದಾಗ ವಾರ್ಡನ್ ಕೇಳಿದಳು: "ಇನ್ನರ ನಮ್ಮ ಸಾಲು ಹಿಂದಿನ ಪುಟಕ್ಕ ಹಾಕ್ರಿ. ನಾಕು ಮಂದ್ಯಾಗ ಮಾರಿ ಎತ್ತಾಕ ಆಗವಲ್ದು."

"ಬರತೇನಿ. ಹುಡುಗ್ಯಾರು ಹೊರಗ ಬರೂದನ್ನ ಒಮ್ಮಿ ನನ್ನ ಕಣ್ಣೀಲೆ ನೋಡತೇನಿ. ಆಮ್ಯಾಲ ಹೇಳತೇನಿ."

ಒಂದು ಭಾನುವಾರ ಮಧ್ಯಾಹ್ನ ಹೋದೆ. ಎಲ್ಲರನ್ನೂ ಮೇಲೆ ಮಲಗಿಸಿ, ಮೆಟ್ಟಿಲಿಗೆ ಅಡ್ಡ ಕಂಬಳಿ ಕಟ್ಟಿಸಿ, 'ಇಲ್ಲಿ ಬೆಂಕಿ' ಎಂದೆ. ವಾರ್ಡನ್ ತಟ್ಟೆ ಬಡಿದಳು. ಕಾಯುವವಳು ಚಿಲಕ ತೆಗೆದಳು. ಹುಡುಗಿಯರು ಸಾಲಾಗಿ, ಚಿಕ್ಕವರ ಕೈ ಹಿಡಿದು, ಹಿಂಬಾಗಿಲಿನಿಂದ ಗುಡ್ಡದ ಮೇಲಿನ ಹಲಸಿನ ಮರದ ಕೆಳಗೆ ಬಂದು ನಿಂತರು. ಚೆನ್ನಾಗಿ ಬಂದರು. ನನ್ನ ಎದೆ ಹಗುರಾಯಿತು. ರೂಢಿಯಂತೆ ತಲೆ ಎಣಿಸಿದೆ. ಒಂದು ಕಡಿಮೆ. ಮತ್ತೆ ಎಣಿಸಿದೆ. ಒಂದು ಕಡಿಮೆ.

ವಾರ್ಡನ್ ಬಾಗಿಲ ಕಡೆ ಓಡಿದಳು. ಇದು ಆಟ, ಬೆಂಕಿಯಿಲ್ಲ ಎಂದು ಗೊತ್ತಿದ್ದೂ ನಾನೂ ಅವಳ ಹಿಂದೆ ಹೊರಟೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ಕಾಣಿಸಿಕೊಂಡಳು. ಎರಡೂ ಕೈಯಲ್ಲಿ ಹೊಸ ಚಪ್ಪಲಿ.

"ಎಲ್ಲಿ ಹೋಗಿದ್ದಿ?"

"ಕೆಳಗಿದ್ದುವ್ರಿ. ಮೆಟ್ಟಿಲ ಹತ್ರ. ನಮ್ಮ ಅಪ್ಪಾ ಸಂತ್ಯಾಗ ಕೊಡಸಿದ್ದು."

"ಮೆಟ್ಟಿಲ ಹತ್ರ ಏನಿತ್ತು?"

ಅವಳು ಕಂಬಳಿಯನ್ನು ನೆನೆದು ನಾಲಿಗೆ ಕಚ್ಚಿಕೊಂಡಳು. ಉಳಿದವರು ಕಿಸಕ್ಕೆಂದು ನಕ್ಕರು. ವಾರ್ಡನ್ ಅವಳನ್ನು ಬೈಯಲು ಬಾಯಿ ತೆರೆದು, ಬೈಯದೆ, ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಹಾಗೇ ನಿಂತು ನನ್ನ ಕಡೆ ನೋಡಿದಳು.

"ಇರಲಿ ಬಿಡ್ರಿ ಸಿಸ್ಟರ್," ಎಂದಳು. "ಮೊದಲನೇ ಪುಟದಾಗ ಇರಲಿ."

ಚಪ್ಪಲಿ ಇಡುವ ಹಲಗೆಯನ್ನು ಹಿಂಬಾಗಿಲಿನ ಹೊರಗೆ ಹಾಕಿಸಬೇಕೆಂದು ನನ್ನ ಹಾಳೆಯಲ್ಲಿ ಬರೆದುಕೊಂಡೆ. ಆಮೇಲೆ ಹುಡುಗಿಯರನ್ನೆಲ್ಲ ಮತ್ತೆ ಮೇಲೆ ಕಳಿಸಿ, ಮಲಗಿಸಿ, ಇನ್ನೊಮ್ಮೆ ತಟ್ಟೆ ಬಡಿಯಲು ಹೇಳಿದೆ.